ಜುಲೈ ತಿಂಗಳ ಮಳೆನಕ್ಷೆ: ಸರಾಸರಿ ತಪ್ಪು ಕಡಿಮೆ ಬಂದರೂ ಹಾಸನದ ಕಡೆ ಮಳೆ ವಿಪರೀತ ತೋರಿಸುತ್ತಿದೆ, ಏಕೆ?

ಬಿಸಿಲೆ ಅಂಚು (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ಸುತ್ತಮುತ್ತಲಿನ ಕಾಫಿ ತೋಟಗಳವರು ಇಟ್ಟಿರುವ ಮಳೆ ಪುಸ್ತಕಗಳನ್ನು ಒಟ್ಟುಮಾಡಿ, ಅವುಗಳ ಜೊತೆಗೆ ಆಲೂರು, ಹಾಸನ ಮತ್ತು ಅರಸೀಕೆರೆ ಕಡೆಯ ಸರ್ಕಾರಿ ಮಳೆಮಾಪಕಗಳ ಅಳತೆಯನ್ನೂ ಸೇರಿಸಿ, ಜುಲೈ ತಿಂಗಳ ಒಟ್ಟು ಮಳೆಯ ನಕ್ಷೆಯೊಂದನ್ನು ಕ್ಯೂಜಿಐಎಸ್‌ನಲ್ಲಿ ತಯಾರಿಸಿದ್ದೇನೆ. ಮಾಪಕವಿಲ್ಲದ ಜಾಗಕ್ಕೆ ಐಡಿಡಬ್ಲ್ಯೂ ವಿಧಾನದಲ್ಲಿ ಅಂದಾಜು ಮಾಡಿದೆ, ಅಂದರೆ ಹತ್ತಿರದ ಮಾಪಕಕ್ಕೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ ತೂಕ. `Distance coefficient P` ಎಂಬಲ್ಲಿ ಮೊದಲೇ ಇದ್ದ 2 ಎಂಬ ಸಂಖ್ಯೆಯನ್ನು ಬದಲಿಸಿಲ್ಲ.

ನಕ್ಷೆ ಎಷ್ಟು ಸರಿ ಎಂದು ತಿಳಿಯಲು ಕ್ರಾಸ್ ವ್ಯಾಲಿಡೇಶನ್ ಕೂಡ ಮಾಡಿದೆ. ಒಂದೊಂದೇ ಮಾಪಕವನ್ನು ಬದಿಗಿಟ್ಟು, ಉಳಿದವುಗಳಿಂದ ಅದರ ಅಳತೆಯನ್ನು ಅಂದಾಜಿಸಿ, ನಿಜವಾದ ಅಳತೆಯೊಂದಿಗೆ ಹೋಲಿಸಿದಾಗ ಸರಾಸರಿ ತಪ್ಪು ನಾನು ಹೆದರಿದ್ದಕ್ಕಿಂತ ಬಹಳ ಕಡಿಮೆ ಬಂತು. ಆದರೂ ನಕ್ಷೆಯನ್ನು ಯಾರಿಗೂ ತೋರಿಸಲು ಧೈರ್ಯ ಬರುತ್ತಿಲ್ಲ. ಆಲೂರಿಗೂ ಹಾಸನಕ್ಕೂ ನಡುವಿನ ಹಳ್ಳಿಗಳಲ್ಲಿ ಸಕಲೇಶಪುರದಷ್ಟೇ ಮಳೆ ಬಿದ್ದಂತೆ ಅದು ತೋರಿಸುತ್ತಿದ್ದು, ಆ ಕಡೆಯವರು ನೋಡಿದರೆ ನಗುತ್ತಾರೆ. ಜೊತೆಗೆ ಪ್ರತಿ ಮಾಪಕದ ಸುತ್ತ ಬಳೆಯಂಥ ಉಂಗುರಗಳು ಮೂಡಿವೆ. ಒಟ್ಟು ಹತ್ತೊಂಬತ್ತು ಮಾಪಕಗಳಿದ್ದು, ಅವುಗಳಲ್ಲಿ ಹದಿಮೂರು ನಮ್ಮ ತೋಟಗಳ ಆಸುಪಾಸಿನಲ್ಲೇ ಇವೆ. ತಪ್ಪು ಕಡಿಮೆ ಎಂದು ಲೆಕ್ಕ ಹೇಳುತ್ತಿದ್ದರೂ ನಕ್ಷೆ ಕಣ್ಣಿಗೇ ತಪ್ಪಾಗಿ ಕಾಣುವುದು ಹೇಗೆ ಸಾಧ್ಯ?

ಗಣಿತದ ಮೇಷ್ಟ್ರು (ಚಿಕ್ಕಮಗಳೂರು)

ಇದು ಘಾತಾಂಕದ ಸಮಸ್ಯೆ. 2 ಎಂಬುದು ಯಾರೋ ಇಟ್ಟ ರೂಢಿಯ ಸಂಖ್ಯೆಯೇ ಹೊರತು ಪ್ರಕೃತಿಯ ನಿಯಮವಲ್ಲ. ಘಾತಾಂಕವನ್ನು 3 ಅಥವಾ 4ಕ್ಕೆ ಏರಿಸಿದರೆ ದೂರದ ಮಾಪಕಗಳ ತೂಕ ಬೇಗನೆ ಕುಸಿಯುತ್ತದೆ, ಆಗ ಸಕಲೇಶಪುರದ ಮಳೆ ಹಾಸನದವರೆಗೆ ಚಾಚುವುದಿಲ್ಲ. 1ರಿಂದ 4ರವರೆಗೆ ಅರ್ಧರ್ಧ ಏರಿಸುತ್ತಾ ಪ್ರತಿಯೊಂದಕ್ಕೂ ಕ್ರಾಸ್ ವ್ಯಾಲಿಡೇಶನ್ ಮಾಡಿ, ಯಾವುದರಲ್ಲಿ ತಪ್ಪು ಅತಿ ಕಡಿಮೆಯೋ ಅದನ್ನೇ ಇಟ್ಟುಕೊಳ್ಳಿ. ಅಲ್ಲಿಗೆ ಕೆಲಸ ಮುಗಿಯಿತು.

ಹೇಮಾವತಿ ದಂಡೆ (ಹಾಸನ)

ಘಾತಾಂಕವನ್ನು ಹುಡುಕುವ ಕ್ರಮವನ್ನು ಮೇಷ್ಟ್ರು ಸರಿಯಾಗಿಯೇ ಹೇಳಿದ್ದಾರೆ. ಆದರೆ ಈ ರೋಗಕ್ಕೆ ಅದು ಮದ್ದಲ್ಲ ಎಂದು ನನ್ನ ಅನಿಸಿಕೆ, ಅದನ್ನು ಲೆಕ್ಕದಿಂದಲೇ ತೋರಿಸುತ್ತೇನೆ. ಬಿಸಿಲೆ ಅಂಚು ಅವರು ಒಂದು ಸರಾಸರಿಯನ್ನು ನೋಡಿ ಸಮಾಧಾನಪಟ್ಟುಕೊಳ್ಳುವ ಬದಲು, ಪ್ರತಿ ಮಾಪಕದ ತಪ್ಪನ್ನೂ ಬೇರೆ ಬೇರೆಯಾಗಿ, ಚಿಹ್ನೆಯೊಂದಿಗೆ ಬರೆದು ನೋಡಬೇಕು.

ಮಾತು ಸುಲಭವಾಗಲೆಂದು ಆರು ಮಾಪಕಗಳ ಒಂದು ಮಾದರಿಯನ್ನು ಇಟ್ಟುಕೊಳ್ಳೋಣ. ಇವು ಯಾವ ಊರಿನ ನಿಜವಾದ ಅಳತೆಗಳೂ ಅಲ್ಲ, ಆದರೆ ಘಟ್ಟದಿಂದ ಬಯಲಿಗೆ ಮಳೆ ಇಳಿಯುವ ರೀತಿ ನಮ್ಮ ಕಡೆಯದೇ. ಎಲ್ಲವೂ ಪಶ್ಚಿಮದಿಂದ ಪೂರ್ವಕ್ಕೆ ಒಂದೇ ಗೆರೆಯ ಮೇಲಿವೆ. ಘಟ್ಟದ ಅಂಚಿನಲ್ಲಿ ಒಂದು, ಹತ್ತು, ಹನ್ನೆರಡು ಮತ್ತು ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ಅಕ್ಕಪಕ್ಕದ ಮೂರು ತೋಟಗಳು, ಮೂವತ್ತನೆಯದರಲ್ಲಿ ಅರೆಮಲೆನಾಡಿನ ಒಂದು, ಅರವತ್ತರಲ್ಲಿ ಬಯಲುಸೀಮೆಯ ಒಂದು.

```python
import numpy as np
x = np.array([0, 10, 12, 14, 30, 60.0])
z = np.array([1200, 760, 720, 700, 300, 120.0])
p = 2
for i in range(len(x)):
    k = np.arange(len(x)) != i
    w = 1 / np.abs(x[k] - x[i])**p
    print(x[i], z[i], round((w * z[k]).sum() / w.sum()))
```

ಇದನ್ನು ಓಡಿಸಿದರೆ ಮೂರು ತೋಟಗಳ ಅಂದಾಜು 727, 733 ಮತ್ತು 729 ಮಿ.ಮೀ. ಬರುತ್ತದೆ. ಅಳತೆಗೂ ಅಂದಾಜಿಗೂ ವ್ಯತ್ಯಾಸ 13ರಿಂದ 33 ಮಿ.ಮೀ. ಮಾತ್ರ. ಆದರೆ ಘಟ್ಟದ ಅಂಚಿನ 1200ಕ್ಕೆ 706 ಬರುತ್ತದೆ, ಅರೆಮಲೆನಾಡಿನ 300ಕ್ಕೆ 710 ಬರುತ್ತದೆ, ಬಯಲಿನ 120ಕ್ಕೆ 599 ಬರುತ್ತದೆ. ಇಲ್ಲಿ ತೋಟದ ಮಾಪಕಗಳು ಮೂರೇ ಇರುವುದರಿಂದ ಸರಾಸರಿ ತಪ್ಪು 243 ಮಿ.ಮೀ. ಆಗಿ ಕಣ್ಣಿಗೆ ಬೀಳುತ್ತದೆ. ತಮ್ಮಲ್ಲಿ ಹತ್ತೊಂಬತ್ತರಲ್ಲಿ ಹದಿಮೂರು ಒಂದೇ ಕಡೆ ಇರುವುದರಿಂದ, ಆ ಹದಿಮೂರರ ಸಣ್ಣ ಸಣ್ಣ ತಪ್ಪುಗಳು ಉಳಿದ ಆರರ ದೊಡ್ಡ ತಪ್ಪುಗಳನ್ನು ಸರಾಸರಿಯಲ್ಲಿ ಮುಚ್ಚಿಹಾಕಿವೆ. ಪಕ್ಕದ ತೋಟದ ಮಳೆಯನ್ನು ನೋಡಿ ಈ ತೋಟದ ಮಳೆಯನ್ನು ಹೇಳುವ ಪರೀಕ್ಷೆಯಲ್ಲಿ ತಮ್ಮ ನಕ್ಷೆ ತೇರ್ಗಡೆಯಾಗಿದೆ, ಆದರೆ ನಕ್ಷೆಯ ಬಹುಭಾಗಕ್ಕೆ ಪಕ್ಕದ ತೋಟವೇ ಇಲ್ಲ.

ಈಗ ಮೇಷ್ಟ್ರ ಸಲಹೆಗೆ ಬರೋಣ. ಮೂವತ್ತನೆಯ ಕಿಲೋಮೀಟರಿನ ಮಾಪಕಕ್ಕೆ `p = 1` ಇಟ್ಟರೆ 706, 2 ಇಟ್ಟರೆ 710, 4 ಇಟ್ಟರೆ 714 ಬರುತ್ತದೆ. ಘಾತಾಂಕ ಏರಿಸಿದಷ್ಟೂ ಅಂದಾಜು ನಿಜವಾದ 300ರಿಂದ ಇನ್ನಷ್ಟು ದೂರ ಸರಿಯಿತೇ ಹೊರತು ಹತ್ತಿರ ಬರಲಿಲ್ಲ, ಏಕೆಂದರೆ ಅದಕ್ಕೆ ಅತಿ ಹತ್ತಿರದ ಮಾಪಕವೇ 700 ಮಿ.ಮೀ. ಕಂಡ ತೋಟ.

ಮೂಡಿಗೆರೆ ಮೆಣಸು

ಈ ವಿಷಯ ಎತ್ತಿದ್ದು ಬಹಳ ಒಳ್ಳೆಯದಾಯಿತು. ನಮ್ಮಲ್ಲೂ ಇದೇ ಅನ್ಯಾಯ ನಡೆದಿದೆ. ಕರಿಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದ್ದೆ. ನಮ್ಮ ಪಂಚಾಯಿತಿಯ ಮಾಪಕ ಆ ವಾರ ಕೆಟ್ಟಿತ್ತೆಂದು ಪಕ್ಕದ ಪಂಚಾಯಿತಿಯ ಅಳತೆಯನ್ನೇ ನಮಗೂ ಹಾಕಿದರು, ಪರಿಹಾರ ಬರಲಿಲ್ಲ. ನನ್ನ ತೋಟದ ಪುಸ್ತಕದಲ್ಲಿ ಮಳೆ ಬೇರೆಯೇ ಇದೆ. ಈ ಐಡಿಡಬ್ಲ್ಯೂ ಲೆಕ್ಕವನ್ನು ಮುಂದಿಟ್ಟರೆ ವಿಮೆಯವರು ಒಪ್ಪುತ್ತಾರೆಯೇ? ಅರ್ಜಿಯ ಜೊತೆಗೆ ಯಾವ ಯಾವ ಕಾಗದ ಲಗತ್ತಿಸಬೇಕು?

ಹೇಮಾವತಿ ದಂಡೆ

ಕಾಗದಪತ್ರದ ವಿಷಯ ನನ್ನ ಕೈಮೀರಿದ್ದು. ಆದರೆ ತಮ್ಮ ಪ್ರಶ್ನೆಯ ಒಳಗೆ ಈ ಚರ್ಚೆಗೆ ಸೇರಿದ ಒಂದು ಅಂಶವಿದೆ. ಹತ್ತಿರದ ಒಂದೇ ಮಾಪಕದ ಅಳತೆಯನ್ನು ಇಡಿಯಾಗಿ ಎತ್ತಿ ಹಾಕುವುದೂ ಐಡಿಡಬ್ಲ್ಯೂವಿನ ಒಂದು ತುದಿಯೇ. ಘಾತಾಂಕವನ್ನು ಬಹಳ ದೊಡ್ಡದಾಗಿಸಿದರೆ ಉಳಿದವುಗಳ ತೂಕ ಸೊನ್ನೆಯಾಗಿ ಹತ್ತಿರದ್ದೊಂದೇ ಉಳಿಯುತ್ತದೆ. ಹಾಗೆ ಎತ್ತಿ ಹಾಕುವುದು ಎಷ್ಟು ನ್ಯಾಯ ಎಂಬುದನ್ನು ಅಳೆಯುವುದಾದರೆ, ತಮ್ಮ ಪಂಚಾಯಿತಿಯ ಮಾಪಕ ಸರಿಯಾಗಿದ್ದ ಹಳೆಯ ದಿನಗಳನ್ನು ತೆಗೆದುಕೊಂಡು, ಆ ದಿನಗಳಲ್ಲಿ ಪಕ್ಕದ ಪಂಚಾಯಿತಿಯ ಅಳತೆ ತಮ್ಮದಕ್ಕೆ ಎಷ್ಟು ಹತ್ತಿರವಿತ್ತು ಎಂದು ನೋಡಬೇಕು. ಅದೂ ಕ್ರಾಸ್ ವ್ಯಾಲಿಡೇಶನ್ನೇ. ಅದರಲ್ಲೂ ಜುಲೈಯ ಜಡಿಮಳೆಯ ದಿನಗಳನ್ನೂ ಏಪ್ರಿಲ್‌ನ ಹೂಮಳೆಯ ದಿನಗಳನ್ನೂ ಬೆರೆಸಬಾರದು. ಜುಲೈಯಲ್ಲಿ ಇಡೀ ಘಟ್ಟಕ್ಕೆ ಒಟ್ಟಿಗೆ ಹಿಡಿಯುವ ಮಳೆಗೆ ಪಕ್ಕದ ಮಾಪಕ ಸಾಕಷ್ಟು ನಂಬಿಕೆಗೆ ಅರ್ಹ. ಹೂಮಳೆ ಗುಡುಗಿನ ಮಳೆಯಾದ್ದರಿಂದ ಒಂದು ತೋಟಕ್ಕೆ ಬಿದ್ದು ಬೇಲಿಯಾಚೆಗೆ ಹನಿಯೂ ಬೀಳದಿರಬಹುದು, ಆಗ ಯಾವ ಘಾತಾಂಕವೂ ಉಪಯೋಗಕ್ಕೆ ಬಾರದು.

ಮೂಡಿಗೆರೆ ಮೆಣಸು

ವಿಮೆಯವರಿಗೆ ಇದನ್ನೆಲ್ಲ ಹೇಳುವವರು ಯಾರು ಸ್ವಾಮಿ. ಇರಲಿ, ಹಳೆಯ ದಿನಗಳ ಹೋಲಿಕೆಯನ್ನಂತೂ ಮಾಡಿಸುತ್ತೇನೆ, ಮಗನಿಗೆ ಎಕ್ಸೆಲ್ ಬರುತ್ತದೆ.

ಬಿಸಿಲೆ ಅಂಚು

ಹೇಮಾವತಿ ದಂಡೆ ಸರ್, ತಾವು ಹೇಳಿದಂತೆ ಮಾಪಕವಾರು ಪಟ್ಟಿ ಮಾಡಿದೆ. ತಮ್ಮ ಮಾದರಿಯಲ್ಲಿ ಕಂಡದ್ದೇ ಇಲ್ಲೂ ಕಂಡಿತು. ತೋಟಗಳ ತಪ್ಪುಗಳಲ್ಲಿ ಕೆಲವು ಹೆಚ್ಚು, ಕೆಲವು ಕಡಿಮೆ, ಚಿಹ್ನೆ ಬೆರೆತಿದೆ. ಆಲೂರಿನಿಂದ ಪೂರ್ವಕ್ಕೆ ಇರುವ ಎಲ್ಲ ಮಾಪಕಗಳ ಅಂದಾಜೂ ಅಳತೆಗಿಂತ ಬಹಳ ಹೆಚ್ಚು, ಬಿಸಿಲೆ ಕಡೆಯ ಒಂದೇ ಮಾಪಕದ ಅಂದಾಜು ಬಹಳ ಕಡಿಮೆ. ಆದರೆ ತೋಟಗಳ ನಡುವೆಯೇ ಎರಡು ಮಾಪಕಗಳು ವಿಚಿತ್ರವಾಗಿವೆ. ಸುತ್ತಲಿನ ತೋಟಗಳ ಲೆಕ್ಕ ಹೇಳುವುದಕ್ಕಿಂತ ಒಂದರ ಅಳತೆ ಸುಮಾರು ನಾಲ್ಕು ಪಟ್ಟು ಹೆಚ್ಚಿದೆ, ಇನ್ನೊಂದರದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಇದೆ. ಇನ್ನೊಂದು ಅನುಮಾನವೆಂದರೆ, ಹದಿಮೂರು ಮಾಪಕಗಳು ಒಂದೇ ಕಡೆ ಸೇರಿ ಒಟ್ಟಾಗಿ ಮತ ಹಾಕುವುದರಿಂದಲೇ ಪೂರ್ವದ ಅಂದಾಜು ಏರುತ್ತಿದೆಯೇ? ಅವುಗಳನ್ನು ಒಂದೇ ಮಾಪಕವಾಗಿ ಮಾಡಿಬಿಡಲೇ?

ಕಾಫಿ ಕಣ (ಬಾಳೆಹೊನ್ನೂರು)

ನಾಲ್ಕು ಪಟ್ಟಿನ ಮಾಪಕಕ್ಕೆ ಉತ್ತರ ನನ್ನ ಹತ್ತಿರ ಇದೆ ಎನಿಸುತ್ತದೆ. ಆ ತೋಟದವರು ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆಯುತ್ತಾರೆಯೇ ಎಂದು ಕೇಳಿ. ನಮ್ಮ ಕಡೆ ಹಳೆಯ ತೋಟಗಳಲ್ಲಿ ಇಂದಿಗೂ ‘ಎರಡೂವರೆ ಇಂಚು’ ಎನ್ನುತ್ತಾರೆ, ಪುಸ್ತಕದಲ್ಲಿ 250 ಎಂದು ಬರೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿ.ಮೀ. ಆದ್ದರಿಂದ ಆ 250 ಎಂದರೆ 63.5 ಮಿ.ಮೀ. ಅದನ್ನು ಮಿಲಿಮೀಟರ್ ಎಂದೇ ತಿಳಿದು ಕಂಪ್ಯೂಟರಿಗೆ ಹಾಕಿದರೆ ಮಳೆ ಸರಿಸುಮಾರು ನಾಲ್ಕು ಪಟ್ಟಾಗುತ್ತದೆ.

ಅರ್ಧದಷ್ಟು ಬಂದಿರುವ ಮಾಪಕಕ್ಕೆ ಎರಡು ಕಾರಣಗಳಿರಬಹುದು. ಒಂದು, ಓದದ ದಿನಗಳನ್ನು ಖಾಲಿ ಬಿಡುವ ಬದಲು ಯಾರೋ ಸೊನ್ನೆ ತುಂಬಿರಬಹುದು. ರೈಟರ್ ರಜೆಯಲ್ಲಿದ್ದ ಭಾನುವಾರಗಳಲ್ಲೆಲ್ಲ ಸೊನ್ನೆ ಇದೆಯೇ, ಸೋಮವಾರದ ಅಳತೆ ಎರಡು ದಿನದ ಮಳೆಯಷ್ಟಿದೆಯೇ ಎಂದು ನೋಡಿ. ಸೋಮವಾರ ಕೂಡಿ ಬಂದಿದ್ದರೆ ತಿಂಗಳ ಒಟ್ಟು ಕೆಡುವುದಿಲ್ಲ, ಬರದಿದ್ದರೆ ಮಾಪಕ ತುಂಬಿ ಹರಿದಿದೆ ಅಥವಾ ನೀರನ್ನು ಅಳೆಯದೆ ಚೆಲ್ಲಿದ್ದಾರೆ ಎಂದರ್ಥ. ಎರಡನೆಯದು, ಮಾಪಕದ ಮೇಲೆ ಸಿಲ್ವರ್ ಓಕ್ ಮರ ಬಾಗಿರಬಹುದು. ಮಾಪಕ ಇಟ್ಟ ದಿನ ಬಯಲಾಗಿದ್ದ ಜಾಗ ಹತ್ತು ವರ್ಷದಲ್ಲಿ ನೆರಳಾಗುತ್ತದೆ.

ದಿನದ ಮಳೆಯ ನಕ್ಷೆ ಮಾಡುವುದಾದರೆ ಇನ್ನೊಂದು ಎಚ್ಚರಿಕೆ ಬೇಕು. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಯವರೆಗೆ, ಆ ಮಳೆಯನ್ನು ಓದಿದ ದಿನದ ತಾರೀಖಿಗೆ ಬರೆಯುತ್ತಾರೆ. ಕೆಲವು ತೋಟಗಳಲ್ಲಿ ‘ನಿನ್ನೆಯ ಮಳೆ’ ಎಂದು ಹಿಂದಿನ ತಾರೀಖಿಗೆ ಬರೆಯುವ ರೂಢಿಯಿದೆ. ಒಂದು ದಿನ ಹಿಂದೆ ಮುಂದೆ ಸರಿಸಿದಾಗ ಆ ಮಾಪಕ ಅಕ್ಕಪಕ್ಕದವರೊಂದಿಗೆ ಚೆನ್ನಾಗಿ ಹೊಂದಿಕೊಂಡರೆ ತಾರೀಖಿನದೇ ದೋಷ.

ಹೇಮಾವತಿ ದಂಡೆ

ಕಾಫಿ ಕಣ ಅವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಕ್ರಾಸ್ ವ್ಯಾಲಿಡೇಶನ್ ಇಲ್ಲಿ ನಕ್ಷೆಯನ್ನಲ್ಲ, ಮಾಪಕವನ್ನು ಪರೀಕ್ಷಿಸಿತು. ಮಾಪಕಗಳು ಒತ್ತಾಗಿರುವ ಕಡೆ ಒಂದು ಮಾತ್ರ ಬೇರೆಯಾಗಿ ನಿಂತರೆ ಮೊದಲು ಪುಸ್ತಕವನ್ನು ಅನುಮಾನಿಸಬೇಕು. ಮಾಪಕಗಳು ವಿರಳವಾಗಿರುವ ಕಡೆ ದೊಡ್ಡ ತಪ್ಪು ಬಂದರೆ ಮೊದಲು ವಿಧಾನವನ್ನು ಅನುಮಾನಿಸಬೇಕು. ಬಿಸಿಲೆಯ ಮಾಪಕದ ಅಂದಾಜು ಹೊಂದಲಿಲ್ಲವೆಂದು ಅದನ್ನು ಕಿತ್ತುಹಾಕಿದರೆ ಘಟ್ಟದ ಮಳೆಯೇ ನಕ್ಷೆಯಿಂದ ಮಾಯವಾಗುತ್ತದೆ. ಐಡಿಡಬ್ಲ್ಯೂ ಕೊಡುವ ಅಂದಾಜು ಇರುವ ಅಳತೆಗಳ ಸರಾಸರಿಯೇ ಆಗಿರುವುದರಿಂದ, ಅವುಗಳಲ್ಲಿ ಅತಿ ಹೆಚ್ಚಿನದನ್ನು ಅದು ಎಂದೂ ಮೀರಲಾರದು. ಅತಿ ಹೆಚ್ಚು ಮಳೆಯ ಮಾಪಕವನ್ನು ಬದಿಗಿಟ್ಟಾಗ ಅದರ ಅಂದಾಜು ಕಡಿಮೆ ಬರುವುದು ಅನಿವಾರ್ಯ.

ಮತ ಹಾಕುವ ವಿಷಯ. ಮಾದರಿಯಲ್ಲಿ ಮೂರು ತೋಟಗಳನ್ನು ಹನ್ನೆರಡನೆಯ ಕಿಲೋಮೀಟರಿನಲ್ಲಿ 727 ಮಿ.ಮೀ.ನ ಒಂದೇ ಮಾಪಕವಾಗಿ ಮಾಡಿದೆ. ಅರೆಮಲೆನಾಡಿನ ಅಂದಾಜು 710ರಿಂದ 699ಕ್ಕೆ ಇಳಿಯಿತು, ಅಷ್ಟೇ. ಗುಂಪಿನ ದೋಷ ಇದೆ, ಆದರೆ ತಮ್ಮ ನಕ್ಷೆ ಕೆಡಲು ಮುಖ್ಯ ಕಾರಣ ಅದಲ್ಲ. ಗುಂಪು ನಿಜವಾಗಿ ಕೆಡಿಸುವುದು ತಪ್ಪಿನ ಲೆಕ್ಕವನ್ನು. ಮಧ್ಯದ ತೋಟವೊಂದನ್ನೇ ಬದಿಗಿಟ್ಟಾಗ 13 ಮಿ.ಮೀ. ತಪ್ಪು ಬಂದಿತ್ತಲ್ಲವೇ, ಮೂರೂ ತೋಟಗಳನ್ನು ಒಟ್ಟಿಗೆ ಬದಿಗಿಟ್ಟು ಅದೇ ಜಾಗಕ್ಕೆ ಅಂದಾಜು ಮಾಡಿದರೆ 720ಕ್ಕೆ 890 ಬರುತ್ತದೆ, ತಪ್ಪು 170. ಮಾಪಕವಿಲ್ಲದ ಹಳ್ಳಿಯಲ್ಲಿ ನಿಂತವನಿಗೆ ಲೆಕ್ಕಕ್ಕೆ ಬರುವುದು ಈ 170. ಆದ್ದರಿಂದ ತಾವು ಹದಿಮೂರನ್ನೂ ನಕ್ಷೆಯಲ್ಲಿ ಇಟ್ಟುಕೊಳ್ಳಿ, ಪರೀಕ್ಷೆ ಮಾಡುವಾಗ ಮಾತ್ರ ಗುಂಪುಗುಂಪಾಗಿ ಬದಿಗಿಡಿ.

ಗಣಿತದ ಮೇಷ್ಟ್ರು

ಘಾತಾಂಕದ ಮಟ್ಟಿಗೆ ತಮ್ಮ ಲೆಕ್ಕವನ್ನು ನಾನೂ ಮಾಡಿ ನೋಡಿದೆ, ಹೌದು, ಅದು ಕದಲುವುದಿಲ್ಲ. ಆದರೆ ತಮ್ಮ ಅಂಕಿಗಳಲ್ಲೇ ಇನ್ನೊಂದು ಕಾಣಿಸಿತು. ಮಳೆ ಪೂರ್ವಕ್ಕೆ ಕಳೆಯುತ್ತಾ ಹೋಗುತ್ತಿಲ್ಲ, ಭಾಗವಾಗುತ್ತಾ ಹೋಗುತ್ತಿದೆ. ಹನ್ನೆರಡರಲ್ಲಿ 720, ಮೂವತ್ತರಲ್ಲಿ 300, ಅರವತ್ತರಲ್ಲಿ 120. ಹೀಗಿದ್ದಾಗ ಮಳೆಯ ಲಾಗರಿದಮ್ ತೆಗೆದು ಅದಕ್ಕೆ ಐಡಿಡಬ್ಲ್ಯೂ ಮಾಡಿ, ಆಮೇಲೆ ಮರಳಿ ಮಿ.ಮೀ.ಗೆ ತರುವುದು ಸರಿಯಾದ ದಾರಿ. ಹಾಗೆ ಮಾಡಿದರೆ 710 ಇದ್ದದ್ದು 639 ಆಗುತ್ತದೆ.

ಹೇಮಾವತಿ ದಂಡೆ

ಮೇಷ್ಟ್ರೇ, ದಾರಿ ಸರಿ, ಆದರೆ 639 ಇನ್ನೂ 300ರ ಎರಡು ಪಟ್ಟಿಗಿಂತ ಹೆಚ್ಚು. ಐಡಿಡಬ್ಲ್ಯೂ ದೂರವನ್ನು ಮಾತ್ರ ನೋಡುತ್ತದೆ, ದಿಕ್ಕನ್ನು ನೋಡುವುದಿಲ್ಲ. ಘಟ್ಟದ ಸಾಲಿನ ಉದ್ದಕ್ಕೆ ದಕ್ಷಿಣೋತ್ತರವಾಗಿ ಹದಿನಾರು ಕಿ.ಮೀ. ಹೋದರೆ ಮಳೆ ಅಷ್ಟಾಗಿ ಬದಲಾಗದು, ಪೂರ್ವಕ್ಕೆ ಅಷ್ಟೇ ಹೋದರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಎರಡೂ ಹದಿನಾರನ್ನು ಈ ವಿಧಾನ ಒಂದೇ ಎಂದು ತಿಳಿಯುತ್ತದೆ. ಲಾಗರಿದಮ್ ತೆಗೆದರೂ ಆ ಕುರುಡುತನ ಹೋಗುವುದಿಲ್ಲ.

ನಾನು ಮಾಡುವುದು ಬೇರೆ. ಮಿ.ಮೀ.ಯನ್ನೇ ಹರಡುವ ಬದಲು, ಆ ಜುಲೈಯ ಮಳೆ ವಾಡಿಕೆ ಮಳೆಯ ಶೇಕಡಾ ಎಷ್ಟು ಎಂಬುದನ್ನು ಪ್ರತಿ ಮಾಪಕಕ್ಕೂ ಲೆಕ್ಕಹಾಕಿ ಆ ಶೇಕಡಾವನ್ನು ಹರಡುತ್ತೇನೆ. ಮಾದರಿಗೆ ವಾಡಿಕೆಯನ್ನೂ ಊಹಿಸಿಕೊಳ್ಳೋಣ. ಪಶ್ಚಿಮದಿಂದ ಕ್ರಮವಾಗಿ 1500, 900, 860, 830, 340 ಮತ್ತು 125 ಇರಲಿ. ಆಗ ಘಟ್ಟದಲ್ಲಿ ವಾಡಿಕೆಯ ಶೇ. 80, ತೋಟಗಳಲ್ಲಿ ಶೇ. 84ರ ಆಸುಪಾಸು, ಅರೆಮಲೆನಾಡಿನಲ್ಲಿ ಶೇ. 88, ಬಯಲಿನಲ್ಲಿ ಶೇ. 96. ಮಿ.ಮೀ. ಹತ್ತು ಪಟ್ಟು ಬದಲಾಗುವ ಜಾಗದಲ್ಲಿ ಶೇಕಡಾ ಹೀಗೆ ನಿಧಾನವಾಗಿ ಬದಲಾಗುತ್ತದೆ, ಮತ್ತು ಐಡಿಡಬ್ಲ್ಯೂಗೆ ಒಗ್ಗುವುದು ನಿಧಾನವಾಗಿ ಬದಲಾಗುವ ಮೇಲ್ಮೈಯೇ. ಅರೆಮಲೆನಾಡಿನ ಮಾಪಕವನ್ನು ಬದಿಗಿಟ್ಟರೆ ಅಂದಾಜು ಶೇ. 85 ಬರುತ್ತದೆ, ಅದನ್ನು 340ರಿಂದ ಗುಣಿಸಿದರೆ 289 ಮಿ.ಮೀ. ನಿಜವಾದದ್ದು 300. ಘಟ್ಟದ ಅಂಚಿಗೆ 1268 ಬರುತ್ತದೆ, ನಿಜವಾದದ್ದು 1200. ಬಯಲಿಗೆ 107, ನಿಜವಾದದ್ದು 120.

ನಕ್ಷೆ ವಿದ್ಯಾರ್ಥಿನಿ (ಹಾಸನ)

ಸರ್, ಹಿರಿಯರ ಮಾತಿಗೆ ಅಡ್ಡ ಬರುತ್ತಿದ್ದೇನೆ ಎಂದು ತಿಳಿಯಬೇಡಿ. ತಾವು ಈಗ ಮಾಡಿದ ಪರೀಕ್ಷೆ ನಕ್ಷೆಗೆ ಸಲ್ಲುತ್ತದೆ ಎಂದು ನನಗೆ ಅನಿಸುತ್ತಿಲ್ಲ. ಅರೆಮಲೆನಾಡಿನ ಮಾಪಕದ ಜುಲೈ ಅಳತೆಯನ್ನು ತಾವು ಬದಿಗಿಟ್ಟಿರಿ, ಆದರೆ ಅದೇ ಮಾಪಕದ 340 ಎಂಬ ವಾಡಿಕೆಯನ್ನು ಬಳಸಿಕೊಂಡಿರಿ. ಮಾಪಕವೇ ಇಲ್ಲದ ಹಳ್ಳಿಯಲ್ಲಿ ಆ 340 ಎಲ್ಲಿಂದ ಬರಬೇಕು? ವಾಡಿಕೆಯನ್ನೂ ಬದಿಗಿಟ್ಟು, ಅದನ್ನೂ ಉಳಿದ ಐದರಿಂದ ಐಡಿಡಬ್ಲ್ಯೂ ಮೂಲಕ ಅಂದಾಜಿಸಿ ನೋಡಿದೆ. ವಾಡಿಕೆ ಸುಮಾರು 850 ಎಂದು ಬಂತು, ಅದರ ಶೇ. 85 ಎಂದರೆ 721 ಮಿ.ಮೀ. ಮೊದಲಿನ 710ಕ್ಕಿಂತಲೂ ಕೆಟ್ಟದ್ದು. ಅಂದರೆ ಪರೀಕ್ಷೆಯ ಉತ್ತರದ ಅರ್ಧ ಪ್ರಶ್ನೆಪತ್ರಿಕೆಯಲ್ಲೇ ಇತ್ತು.

ಇದರ ಬದಲು ಎತ್ತರವನ್ನು ಸೇರಿಸಿದರೆ ಹೇಗೆ? ಎತ್ತರದ ನಕ್ಷೆ ಎಲ್ಲ ಕಡೆಗೂ ಸಿಗುತ್ತದೆ. ಅಥವಾ ಕ್ರಿಗಿಂಗ್ ಮಾಡಬಹುದು, ಅದು ದಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಹೇಮಾವತಿ ದಂಡೆ

ಆಕ್ಷೇಪ ನೂರಕ್ಕೆ ನೂರು ಸರಿಯಾಗಿದೆ ತಂಗಿ. ನಾನು ಮಾಡಿದ ಪರೀಕ್ಷೆ ಒಂದು ಪ್ರಶ್ನೆಗೆ ಉತ್ತರ, ಅದು ಕೆಟ್ಟುನಿಂತ ಮಾಪಕದ ತಿಂಗಳನ್ನು ತುಂಬುವ ಪ್ರಶ್ನೆ. ಅಲ್ಲಿ ವಾಡಿಕೆ ಗೊತ್ತಿರುತ್ತದೆ. ಮಾಪಕವೇ ಇಲ್ಲದ ಹಳ್ಳಿಯ ಪ್ರಶ್ನೆಗೆ ನೀವು ಮಾಡಿದ್ದೇ ಸರಿಯಾದ ಪರೀಕ್ಷೆ. ಆದರೂ ಶೇಕಡಾ ವಿಧಾನವನ್ನು ನಾನು ಕೈಬಿಡುವುದಿಲ್ಲ. ಈ ಜುಲೈಯ ಮಳೆಯನ್ನು ಈ ಜುಲೈಯಲ್ಲಿ ಓಡುತ್ತಿದ್ದ ಮಾಪಕಗಳಿಂದಲೇ ತಿಳಿಯಬೇಕು. ವಾಡಿಕೆಯನ್ನು ಎಂದೋ ಮುಚ್ಚಿಹೋದ ಮಾಪಕಗಳಿಂದಲೂ, ಹಳೆಯ ತೋಟದ ಪುಸ್ತಕಗಳಿಂದಲೂ ಕಟ್ಟಬಹುದು. ಆದ್ದರಿಂದ ವಾಡಿಕೆಯ ನಕ್ಷೆಗೆ ಬಹಳ ಹೆಚ್ಚು ಬಿಂದುಗಳು ಸಿಗುತ್ತವೆ. ಅದನ್ನು ಒಮ್ಮೆ ಕಷ್ಟಪಟ್ಟು ಮಾಡಿಟ್ಟುಕೊಂಡರೆ ಪ್ರತಿ ವರ್ಷದ ಜುಲೈಗೂ ಉಪಯೋಗವಾಗುತ್ತದೆ.

ಎತ್ತರದ ವಿಷಯದಲ್ಲಿ ನಮ್ಮ ಕಡೆ ಎಚ್ಚರವಿರಬೇಕು. ಆಗುಂಬೆ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ, ಅಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ಹಾಸನ ಪಟ್ಟಣ 900 ಮೀಟರಿಗೂ ಎತ್ತರದಲ್ಲಿದ್ದರೂ ಅದರ ಏಳನೆಯ ಒಂದು ಭಾಗದಷ್ಟು ಮಳೆ ಬಂದರೆ ಹೆಚ್ಚು. ಸಮುದ್ರದ ಕಡೆಯಿಂದ ಬಂದ ಗಾಳಿ ಘಟ್ಟವನ್ನು ಏರುವಾಗ ನೀರನ್ನು ಸುರಿದು, ಹಿಂದಿನ ಇಳಿಜಾರಿಗೆ ಬರುವಷ್ಟರಲ್ಲಿ ಒಣಗಿರುತ್ತದೆ. ಎತ್ತರವನ್ನು ಹಾಗೆಯೇ ಸೇರಿಸಿದರೆ ಲೆಕ್ಕ ಇದನ್ನು ತಿರುಗುಮುರುಗಾಗಿ ಕಲಿಯಬಹುದು. ಘಟ್ಟದ ನೆತ್ತಿಯ ಗೆರೆಯಿಂದ ಪೂರ್ವಕ್ಕೆ ಎಷ್ಟು ದೂರ ಎಂಬ ಅಳತೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಮೇಷ್ಟ್ರು ಹೇಳಿದ ಲಾಗರಿದಮ್ ಅನ್ನು ವಾಡಿಕೆಗೆ ತೆಗೆದು, ಅದಕ್ಕೂ ಈ ದೂರಕ್ಕೂ ಒಂದು ಸರಳ ಗೆರೆ ಹೊಂದಿಸಿ, ಉಳಿದ ಏರುಪೇರನ್ನು ಮಾತ್ರ ಐಡಿಡಬ್ಲ್ಯೂಗೆ ಒಪ್ಪಿಸಿ. ಬಾಬಾಬುಡನ್‌ಗಿರಿ ಸಾಲು ಘಟ್ಟದ ನೆತ್ತಿಯಿಂದ ಬಹಳ ಒಳಗಿದ್ದು ತನ್ನದೇ ಮಳೆಯನ್ನು ಎಳೆದುಕೊಳ್ಳುವುದರಿಂದ, ಚಿಕ್ಕಮಗಳೂರಿನ ಆ ಭಾಗಕ್ಕೆ ಈ ಗೆರೆ ಹೊಂದುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಕ್ರಿಗಿಂಗ್ ಒಳ್ಳೆಯದೇ. ಆದರೆ ದೂರ ಹೆಚ್ಚಿದಂತೆ ವ್ಯತ್ಯಾಸ ಹೇಗೆ ಹೆಚ್ಚುತ್ತದೆ ಎಂಬ ವಕ್ರರೇಖೆಯನ್ನು ಅದಕ್ಕೆ ನಾವೇ ಕೊಡಬೇಕು. ಹತ್ತೊಂಬತ್ತು ಮಾಪಕಗಳಲ್ಲಿ ಹದಿಮೂರು ಒಂದೇ ಕಡೆ ಇರುವಾಗ ಐದು ಕಿ.ಮೀ.ಯೊಳಗಿನ ಜೋಡಿಗಳು ಬೇಕಾದಷ್ಟು ಸಿಗುತ್ತವೆ, ಇಪ್ಪತ್ತು ಕಿ.ಮೀ. ದೂರದ ಸ್ವತಂತ್ರ ಜೋಡಿಗಳು ಸಿಗುವುದಿಲ್ಲ.

ನಕ್ಷೆ ವಿದ್ಯಾರ್ಥಿನಿ

ಕ್ರಿಗಿಂಗ್ ಬಗ್ಗೆ ನಾನು ಪೂರ್ತಿ ಒಪ್ಪಲಾರೆ. ಹಲವು ವರ್ಷಗಳ ಜುಲೈಗಳನ್ನು ಶೇಕಡಾವಾಗಿಸಿ ಒಟ್ಟು ಸೇರಿಸಿದರೆ ಜೋಡಿಗಳು ಹೆಚ್ಚುತ್ತವೆ. ಅದನ್ನು ಮಾಡಿ ನೋಡಿದ ಮೇಲೆ ಬರೆಯುತ್ತೇನೆ.

ಹವಾಮಾನ ಇಲಾಖೆಯ ಕಾಲು ಡಿಗ್ರಿ ಮಳೆ ದತ್ತಾಂಶವೂ ಶೆಪರ್ಡ್ ವಿಧಾನದ ದೂರ-ತೂಕದ ಮೇಲೆಯೇ ನಿಂತಿದೆ. ವಾಡಿಕೆಗೆ ಅದನ್ನು ಬಳಸಬಹುದೇ ಎಂದು ಮೊದಲು ಯೋಚಿಸಿದ್ದೆ. ಕಾಲು ಡಿಗ್ರಿ ಎಂದರೆ ಇಲ್ಲಿ ಸುಮಾರು 27 ಕಿ.ಮೀ. ತಮ್ಮ ಮಾದರಿಯಲ್ಲಿ ಘಟ್ಟದ ಅಂಚೂ ಮೂರು ತೋಟಗಳೂ ಒಂದೇ ಚೌಕದಲ್ಲಿ ಕೂರುತ್ತವೆ. ಅದು ಆಗದ ಮಾತು.

ಬಿಸಿಲೆ ಅಂಚು

ಎಲ್ಲರಿಗೂ ಧನ್ಯವಾದಗಳು. ನಾಲ್ಕು ಪಟ್ಟಿನ ತೋಟದವರು ಸೆಂಟಿನಲ್ಲೇ ಬರೆಯುತ್ತಾರಂತೆ, ಸರಿಪಡಿಸಿದ ಮೇಲೆ ಅದು ಅಕ್ಕಪಕ್ಕದವರೊಂದಿಗೆ ಕೂಡಿಕೊಂಡಿತು. ತೋಟಗಳನ್ನು ಗುಂಪಾಗಿ ಬದಿಗಿಟ್ಟು ಪರೀಕ್ಷಿಸಿದಾಗ ತಪ್ಪು ಮೊದಲಿನದಕ್ಕಿಂತ ಹಲವು ಪಟ್ಟು ಬಂತು. ನಕ್ಷೆಯ ಜೊತೆ ಆ ಅಂಕಿಯನ್ನೇ ಹಾಕುತ್ತೇನೆ. ಬಿಸಿಲೆಯ ಮಾಪಕದಿಂದ ಪಶ್ಚಿಮಕ್ಕೆ ಒಂದೂ ಮಾಪಕವಿಲ್ಲದ್ದರಿಂದ ಆ ಭಾಗವನ್ನು ನಕ್ಷೆಯಲ್ಲಿ ಖಾಲಿ ಬಿಡುತ್ತೇನೆ.

ವಾಡಿಕೆಯ ವಿಷಯದಲ್ಲಿ ಮಾತ್ರ ತೊಡಕಿದೆ. ಎರಡು ತೋಟಗಳ ಪುಸ್ತಕ ಮಾತ್ರ ಮೂವತ್ತು ವರ್ಷಕ್ಕೂ ಹಳೆಯವು, ಉಳಿದವು ಎಂಟು ಹತ್ತು ವರ್ಷದವು. ಅಷ್ಟರಿಂದ ವಾಡಿಕೆ ಎನ್ನಬಹುದೇ?

ಹೇಮಾವತಿ ದಂಡೆ

ಹಾಗೆಯೇ ಸರಾಸರಿ ತೆಗೆದರೆ ಆಗದು, ಏಕೆಂದರೆ ಆ ಎಂಟು ವರ್ಷಗಳೇ ಹೆಚ್ಚು ಮಳೆಯ ವರ್ಷಗಳಾಗಿರಬಹುದು. ಅದೇ ಎಂಟು ವರ್ಷಗಳಲ್ಲಿ ಹಳೆಯ ತೋಟದ ಸರಾಸರಿಗೆ ಹೊಸ ತೋಟದ್ದು ಎಷ್ಟು ಪಾಲು ಎಂದು ನೋಡಿ, ಆ ಪಾಲನ್ನು ಹಳೆಯ ತೋಟದ ಮೂವತ್ತು ವರ್ಷದ ವಾಡಿಕೆಗೆ ಗುಣಿಸಿ. ಎರಡರ ನಡುವಿನ ಪಾಲು ವರ್ಷದಿಂದ ವರ್ಷಕ್ಕೆ ಹೆಚ್ಚು ಅಲುಗಾಡದಿದ್ದರೆ ಎಂಟು ವರ್ಷ ಸಾಕು. ಅಲುಗಾಡಿದರೆ ಹದಿನೈದಾದರೂ ಸಾಲದು.

ಕಾಫಿ ಕಣ

ಹಳೆಯ ಪುಸ್ತಕವೆಂದರೆ ಹಳೆಯ ಮರವೂ ಹೌದು ಎಂಬುದನ್ನು ಮರೆಯಬೇಡಿ. ಮೂವತ್ತು ವರ್ಷದಲ್ಲಿ ಮಾಪಕದ ಜಾಗ ಬದಲಾಗಿದೆಯೇ, ಮೇಲೆ ನೆರಳು ಬಂದಿದೆಯೇ ಎಂದು ಪುಸ್ತಕದಲ್ಲಿ ಯಾರೂ ಬರೆದಿಡುವುದಿಲ್ಲ.

ಹೇಮಾವತಿ ದಂಡೆ

ಅದಕ್ಕೆ ಒಂದು ಪರೀಕ್ಷೆಯಿದೆ. ಆ ತೋಟದ ವಾರ್ಷಿಕ ಮಳೆಯನ್ನು ವರ್ಷದಿಂದ ವರ್ಷಕ್ಕೆ ಕೂಡಿಸುತ್ತಾ ಹೋಗಿ ಒಂದು ಅಕ್ಷದಲ್ಲಿಡಿ. ಅಕ್ಕಪಕ್ಕದ ಮಾಪಕಗಳ ಸರಾಸರಿಯನ್ನೂ ಹಾಗೆಯೇ ಕೂಡಿಸಿ ಇನ್ನೊಂದು ಅಕ್ಷದಲ್ಲಿಡಿ. ಏನೂ ಬದಲಾಗದಿದ್ದರೆ ಬಿಂದುಗಳು ಒಂದೇ ಗೆರೆಯಲ್ಲಿ ಸಾಗುತ್ತವೆ, ಮಾಪಕದ ಜಾಗ ಬದಲಾದ ವರ್ಷದಿಂದ ಗೆರೆ ಬಾಗುತ್ತದೆ.

ಬಿಸಿಲೆ ಅಂಚು

ಎರಡು ಹಳೆಯ ತೋಟಗಳಿಗೂ ಎಳೆದು ನೋಡಿದೆ. ಒಂದು ನೇರವಾಗಿದೆ. ಇನ್ನೊಂದರಲ್ಲಿ ಗೆರೆ ಒಂದು ಕಡೆ ಸ್ಪಷ್ಟವಾಗಿ ಮುರಿಯದೆ, ಕೊನೆಯ ಹತ್ತು ಹನ್ನೆರಡು ವರ್ಷಗಳಲ್ಲಿ ನಿಧಾನವಾಗಿ ಕೆಳಗೆ ಬಾಗುತ್ತಾ ಹೋಗಿದೆ. ಮರ ಬೆಳೆದಿರುವುದೂ ನಿಜ, ಆದರೆ ಆ ತೋಟದವರು ಮಳೆಯೇ ಕಡಿಮೆಯಾಗಿದೆ ಎನ್ನುತ್ತಾರೆ. ಮಳೆ ಕಡಿಮೆಯಾಗಿದ್ದರೆ ಅಕ್ಕಪಕ್ಕದಲ್ಲೂ ಕಡಿಮೆಯಾಗಬೇಕಿತ್ತು, ಆದರೆ ನನ್ನ ಬಳಿಯಿರುವ ಅಕ್ಕಪಕ್ಕದ ಹಳೆಯ ಪುಸ್ತಕ ಒಂದೇ. ಯಾರದಾದರೂ ತೋಟದಲ್ಲಿ, ಹಾನುಬಾಳು ಇಲ್ಲವೇ ಯಸಳೂರು ಹೋಬಳಿಯ ಕಡೆ, ಇಪ್ಪತ್ತು ವರ್ಷಕ್ಕಿಂತ ಹಳೆಯ ಮಳೆ ಪುಸ್ತಕವಿದ್ದರೆ ಜುಲೈ ಪುಟಗಳ ಫೋಟೋ ಕಳುಹಿಸಲು ಕೋರುತ್ತೇನೆ. ಇಂಚಿನಲ್ಲಿ ಬರೆದಿದ್ದರೂ ಅಡ್ಡಿಯಿಲ್ಲ, ಯಾವುದರಲ್ಲಿ ಬರೆದಿದ್ದೀರಿ ಎಂಬುದನ್ನು ಮಾತ್ರ ತಿಳಿಸಿ.